ಅಜ್ಜನ ವಾಚು ನಿಂತದ್ದು ಯಾವಾಗ?

ವಿಜಯಪುರ

ಪ್ರಿಯ ಮಹಾಂತೇಶ ಅವರಿಗೆ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಕಾಗುಣಿತದ ತಪ್ಪುಗಳನ್ನು ಯಾರಾದರೂ ತಿದ್ದಿಕೊಟ್ಟಾರು, ಅದನ್ನು ಬಿಡಿ. ಜಮಖಂಡಿಯ ಹುಡುಗ ಬೆಳಗಾವಿಯ ಸಂದರ್ಶನಕ್ಕೆ ಹೊರಡುವ ನಸುಕಿನಲ್ಲಿ, ಅಜ್ಜನ ವಾಚು ತನ್ನ ಸಣ್ಣ ಮಣಿಕಟ್ಟಿಗೆ ಸಡಿಲವಾಗುತ್ತದೆಂದು ಚರ್ಮದ ಪಟ್ಟಿಗೆ ಮೊಳೆಯಿಂದ ಹೊಸ ತೂತು ಹಾಕುತ್ತಾನಲ್ಲ, ಆ ಒಂದು ಸಾಲಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಆದರೆ ಅಜ್ಜ ತೀರಿಕೊಂಡ ಸಂಜೆ 4.20ಕ್ಕೇ ವಾಚೂ ನಿಂತಿತೆಂದು ಬರೆದಿದ್ದೀರಿ. ಅದು ಎಚ್‌ಎಂಟಿ ಜನತಾ ಎಂದು ನೀವೇ ಹೇಳಿದ್ದೀರಿ, ಅಂದರೆ ಚಾವಿ ಕೊಡುವ ವಾಚು. ಅಜ್ಜ ದಿನಾಲು ಬೆಳಿಗ್ಗೆ 6 ಗಂಟೆಗೆ ಪೂರ್ತಿ ಚಾವಿ ಕೊಡುತ್ತಿದ್ದರೆಂದೂ ನಿಮ್ಮ ಮೊದಲ ಪುಟದಲ್ಲಿದೆ. ಪೂರ್ತಿ ಚಾವಿ ಕೊಟ್ಟ ಅಂಥ ವಾಚು ಸುಮಾರು 30ರಿಂದ 36 ತಾಸು ನಡೆಯುತ್ತದೆ. ಹಾಗಾದರೆ ಅದು ಅಜ್ಜನ ಉಸಿರು ನಿಂತ ಮೇಲೂ ರಾತ್ರಿಯಿಡೀ ನಡೆದು, ಮರುದಿನ ಮಧ್ಯಾಹ್ನ ದಾಟಿದ ಮೇಲೆ, ಮಣ್ಣು ಮಾಡಲು ಹೋದವರು ಹಿಂತಿರುಗಿ ಕಾಲು ತೊಳೆಯುವ ಹೊತ್ತಿಗೆ, ಯಾರ ಗಮನಕ್ಕೂ ಬಾರದೆ ನಿಂತಿರಬೇಕು. ಬೇಕಾದರೆ 4.20 ಅನ್ನೇ ಉಳಿಸಿಕೊಳ್ಳಿ, ಆದರೆ ಅದು ಮರುದಿನದ 4.20 ಆಗಲಿ. ಮನೆಯವರೆಲ್ಲ ಅದನ್ನು ಸಾವಿನ ಗಳಿಗೆಯೆಂದು ನಂಬಿಕೊಂಡಿರಲಿ, ಹುಡುಗನೊಬ್ಬನಿಗೆ ಲೆಕ್ಕ ಗೊತ್ತಿರಲಿ.

ನನಗೆ ಇದರಲ್ಲಿ ಹಳೆಯ ಸಿಟ್ಟೂ ಇದೆ. ನನ್ನ ಒಂದು ಕಥೆಯಲ್ಲಿ ತಾಯಿ ಸಾಯುವಾಗ ದೀಪ ಆರಿತೆಂಬ ಸಾಲನ್ನು ಸಂಪಾದಕರೊಬ್ಬರು ನನ್ನನ್ನು ಕೇಳದೆಯೇ ಸೇರಿಸಿದರು. ಓದುಗರು ಆ ಸಾಲನ್ನೇ ಹೊಗಳಿ ಕಾರ್ಡು ಬರೆದರು. ನಾನು ಆ ಕಥೆಯನ್ನು ಯಾವ ಸಂಕಲನಕ್ಕೂ ಕೊಡಲಿಲ್ಲ.

ಇನ್ನೊಂದು ಪ್ರಶ್ನೆ. ಇಷ್ಟು ವರ್ಷಗಳಲ್ಲಿ ನಿಮ್ಮ ಹುಡುಗ ಒಮ್ಮೆಯಾದರೂ ಚಾವಿ ತಿರುಗಿಸಿ ನೋಡಿದನೇ? ಎಷ್ಟು ತಿರುಗಿಸಿದರೂ ಬಿಗಿಯಾಗದಿದ್ದರೆ ಒಳಗಿನ ಸ್ಪ್ರಿಂಗು ತುಂಡಾಗಿದೆ, ರಿಪೇರಿಗೆ ಕೊಡಬೇಕು. ಬಿಗಿಯಾಗಿಯೂ ನಡೆಯದಿದ್ದರೆ ಬಹುಶಃ ಎಣ್ಣೆ ಒಣಗಿದೆ. ಅಂಥ ವಾಚು ಕೈ ಅಲುಗಿದಾಗ ಕೆಲವು ನಿಮಿಷ ನಡೆದು ಮತ್ತೆ ನಿಲ್ಲುವುದುಂಟು, ಮತ್ತು ನಿಮ್ಮ ಹುಡುಗ ಕೂತದ್ದು ಜಮಖಂಡಿ ಬಸ್ಸಿನಲ್ಲಿ! ಏನೂ ಕೆಟ್ಟಿಲ್ಲ, ಚಾವಿ ತೀರಿದೆ ಅಷ್ಟೇ ಎಂದಾದರೆ, ಅವನು ಬೇಕೆಂದೇ ಚಾವಿ ಕೊಟ್ಟಿಲ್ಲ. ಈ ಮೂರೂ ಬೇರೆ ಬೇರೆ ಹುಡುಗರ ಕಥೆಗಳು. ನೀವು ಯಾವುದನ್ನೂ ಆರಿಸಿಕೊಳ್ಳದೆ ‘ನಿಂತ ಕಾಲ’ ಎಂದು ಅರ್ಧ ಪುಟ ತುಂಬಿಸಿದ್ದೀರಿ.

ಸಂದರ್ಶನದಲ್ಲಿ ಸಾಹೇಬರು ‘ಈಗ ಟೈಮೆಷ್ಟು?’ ಎಂದು ಕೇಳುವುದನ್ನು ದಯವಿಟ್ಟು ತೆಗೆದುಹಾಕಿ. ಗೋಡೆಯ ಮೇಲೆ ಗಡಿಯಾರ ಇಲ್ಲದ ಆಫೀಸು ಯಾವುದಿದೆ?

ಬರೆಯುವ ಮುನ್ನ ಊರಿನ ವಾಚು ರಿಪೇರಿಯವರ ಬಳಿ ಒಂದು ತಾಸು ಕೂತು, ಹಿಂದಿನ ಮುಚ್ಚಳ ತೆಗೆಸಿ ನೋಡಿ. ಆಮೇಲೆ ಹೊಸ ಪ್ರತಿಯನ್ನು ಕಳಿಸಿ. ಸಾಲುಗಳ ನಡುವೆ ಜಾಗ ಬಿಡಿ, ನನ್ನ ಕಣ್ಣು ಮೊದಲಿನಂತಿಲ್ಲ.

ನಿಮ್ಮವ,
ಶಿವಪುತ್ರಪ್ಪ