ಆನೆಕಾಲು ರೋಗದ ರಕ್ತ ತೆಗೆಯುವ ಹೊತ್ತು

ಮೂಡಿಗೆರೆ ಭಾಗದ ಆಶಾ ಅಕ್ಕಂದಿರಿಗೆ, ಲ್ಯಾಬ್ ಗೆಳೆಯರಿಗೆ ನಮಸ್ಕಾರ.

ಎಸ್ಟೇಟ್ ಲೈನ್ ಮನೆಗಳಿಗೆ ಕಲಬುರಗಿ, ಬೀದರ್ ಕಡೆಯಿಂದ ಬಂದಿರುವವರ ರಕ್ತ ತೆಗೆಯುವಾಗ ದಯವಿಟ್ಟು ಹಗಲು ಹೋಗಬೇಡಿ. ಆ ಜಿಲ್ಲೆಗಳಲ್ಲಿ ಈ ರೋಗ ಮೊದಲಿನಿಂದಲೂ ಇದೆ. ನಮ್ಮ ದೇಶದಲ್ಲಿ ಜಾಸ್ತಿ ಇರುವ ಫೈಲೇರಿಯಾ ಹುಳುವಿನ ಮರಿಗಳು, ಅಂದರೆ ಮೈಕ್ರೋಫೈಲೇರಿಯಾ, ಹಗಲೆಲ್ಲ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಉಳಿದಿರುತ್ತವೆ. ಬೆರಳ ತುದಿಯ ರಕ್ತಕ್ಕೆ ಬರುವುದು ರಾತ್ರಿ. ಇದನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದೂ ಅದೇ ಹೊತ್ತಿಗೆ ಅಲ್ವಾ? ಸೊಳ್ಳೆಯೊಳಗೆ ಮರಿ ಸುಮಾರು 10ರಿಂದ 14 ದಿನ ಬೆಳೆದ ಮೇಲೆಯೇ ಇನ್ನೊಬ್ಬರಿಗೆ ದಾಟಬಲ್ಲದು.

ರಾತ್ರಿ 10ರಿಂದ 2 ಗಂಟೆ ಒಳ್ಳೆಯ ಹೊತ್ತು. ಸ್ಲೈಡ್ ಮೇಲೆ ದಪ್ಪ ಲೇಪ ಮಾಡಿ, ಪೂರ್ತಿ ಒಣಗಿಸಿ. ನಮ್ಮ ಮಳೆಗಾಲದ ತೇವದಲ್ಲಿ ಅವಸರ ಮಾಡಿದರೆ ನೀರಿಗೆ ಹಾಕಿದಾಗ ಲೇಪವೇ ಎದ್ದುಹೋಗುತ್ತದೆ.

ಒಂದು ಉದಾಹರಣೆ ನೋಡಿ. ಕಾಫಿ ಗೋಡೌನಿನ ಕಾವಲುಗಾರ ತಿಂಗಳುಗಟ್ಟಲೆ ರಾತ್ರಿ ಪಾಳಿ ಮಾಡಿ, ಬೆಳಗ್ಗೆ 8ಕ್ಕೆ ಮಲಗಿ ಮಧ್ಯಾಹ್ನ 3ಕ್ಕೆ ಏಳುತ್ತಾನೆ ಅಂದುಕೊಳ್ಳಿ. ಹುಳುವಿನ ಮರಿಗಳು ಅನುಸರಿಸುವುದು ಮನುಷ್ಯನ ನಿದ್ದೆಯನ್ನು. ಹೀಗಾಗಿ ಅವನ ರಕ್ತದಲ್ಲಿ ಅವು ಹಗಲೇ ಜಾಸ್ತಿ ಇರುತ್ತವೆ. ಅವನಿಗೆ ರಾತ್ರಿ ಹನ್ನೊಂದಕ್ಕೆ ಸೂಜಿ ಚುಚ್ಚಿದರೆ ಸ್ಲೈಡ್ ಸುಮ್ನೆ ನೆಗೆಟಿವ್ ಬರಬಹುದು. ನಿದ್ದೆಯ ನಡುವೆ, ಸುಮಾರು 11-12 ಗಂಟೆಗೆ ಎಬ್ಬಿಸಿ ತೆಗೆಯಿರಿ. ಅದಕ್ಕೇ ಫಾರಂನಲ್ಲಿ ರಕ್ತ ತೆಗೆದ ಗಂಟೆಯ ಜೊತೆ ಮಲಗುವ ಹೊತ್ತನ್ನೂ ಬರೆಯಿರಿ.

ಕಾಲು ಆಗಲೇ ಊದಿಕೊಂಡವರಲ್ಲಿ ಸರಿಯಾದ ಹೊತ್ತಿಗೆ ತೆಗೆದರೂ ಎಷ್ಟೋ ಸಲ ಮರಿ ಸಿಗುವುದಿಲ್ಲ. ಅಂಥವರನ್ನು ನೆಗೆಟಿವ್ ಅಂತ ಮನೆಗೆ ಕಳಿಸದೆ ವೈದ್ಯರಿಗೆ ತೋರಿಸಿ.