ವಿಷಯ: 2.5 ಚದರ ಮಿ.ಮೀ. ತಾಮ್ರದ ವೈರಿನ 20 ಕಾಯಿಲ್‌ಗಳು ಅಸಲಿ ಎಂಬುದಕ್ಕೆ ಫೋಟೊ ಮತ್ತು ಖರೀದಿ ಬಿಲ್‌ಗಳನ್ನು ಕಳುಹಿಸುವ ಬಗ್ಗೆ

ಮಾನ್ಯರೇ,

ಈ ತಿಂಗಳ 4ರಂದು ತಮ್ಮ ಮಳಿಗೆಯಿಂದ ತಿಪಟೂರಿನ ನಮ್ಮ ಎಲೆಕ್ಟ್ರಿಕಲ್ ಅಂಗಡಿಗೆ 90 ಮೀಟರಿನ 20 ಕಾಯಿಲ್ ಮನೆ ವೈರಿಂಗ್ ವೈರ್ ಬಂದಿದೆ. ಜಿಎಸ್‌ಟಿ ಸೇರಿ ಬಿಲ್ ಮೊತ್ತ 62,540 ರೂಪಾಯಿ. ಅದರಲ್ಲಿ ಅರ್ಧದಷ್ಟನ್ನು, ಅಂದರೆ 31,270 ರೂಪಾಯಿಯನ್ನು, ಆರ್ಡರ್ ಕೊಟ್ಟ ದಿನವೇ ಪಾವತಿಸಿದ್ದೇನೆ.

ಈ ಪೈಕಿ ಐದು ಕಾಯಿಲ್‌ಗಳು ಮಾರಾಟವಾದವು. ಅವುಗಳಲ್ಲಿ ಒಂದನ್ನು ನಮ್ಮಲ್ಲಿ ಬಹುಕಾಲದಿಂದ ಖರೀದಿಸುವ ಎಲೆಕ್ಟ್ರಿಷಿಯನ್ ಒಬ್ಬರು ಮರುದಿನವೇ ಹಿಂದಿರುಗಿಸಿ, ವೈರಿನ ಎಳೆಗಳನ್ನು ಬ್ಲೇಡಿನಿಂದ ಕೆರೆದು ತೋರಿಸಿದರು. ಹೊರಗೆ ತಾಮ್ರದ ಕೆಂಪು ಬಣ್ಣವಿದ್ದರೂ ಒಳಗೆ ಬಿಳಿಯ ಲೋಹವಿತ್ತು. ತವರ ಲೇಪಿಸಿದ ತಾಮ್ರದಲ್ಲಿ ಬಿಳಿ ಹೊರಗಿದ್ದು ಕೆಂಪು ಒಳಗಿರುತ್ತದೆ. ಇಲ್ಲಿ ಅದು ತಿರುಗಿದೆ. ಇಷ್ಟರಿಂದಲೇ ತೀರ್ಮಾನಕ್ಕೆ ಬರಬಾರದೆಂದು ಒಂದು ಮೀಟರ್ ವೈರಿನ ಪ್ಲಾಸ್ಟಿಕ್ ಸುಲಿದು, ಪಕ್ಕದ ಚಿನ್ನದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. 2.5 ಚದರ ಮಿ.ಮೀ. ದಪ್ಪದ ಶುದ್ಧ ತಾಮ್ರ ಮೀಟರಿಗೆ ಸುಮಾರು 22 ಗ್ರಾಂ ತೂಗಬೇಕು, ಆದರೆ ಇದು ತೂಗಿದ್ದು 8 ಗ್ರಾಂ. ಉಳಿದ ಕಾಯಿಲ್‌ಗಳಲ್ಲಿ ಬೇರೆ ಬೇರೆ ಮೂರನ್ನು ತೆರೆದು ನೋಡಿದಾಗಲೂ ತೂಕದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಎಂಬುದು ನನ್ನ ಅನುಮಾನ. ಅಂತಹ ವೈರ್ ತಾಮ್ರದಷ್ಟು ವಿದ್ಯುತ್ತನ್ನು ಸಾಗಿಸದೆ ಗೀಜರ್, ಎಸಿಯಂತಹ ಲೋಡಿಗೆ ಬಿಸಿಯಾಗುತ್ತದೆ, ಸ್ಕ್ರೂ ಬಿಗಿದ ಜಾಗಗಳಲ್ಲಿ ಸಡಿಲವಾಗುತ್ತದೆ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ.

ಫೋನಿನಲ್ಲಿ ಕೇಳಿದಾಗ ತಮ್ಮ ಸಿಬ್ಬಂದಿ, "ಐಎಸ್‌ಐ ಗುರುತಿದೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಸಿಎಂ/ಎಲ್ ಸಂಖ್ಯೆ ಹಾಕಿ ನೋಡಿ, ಸರಿಯಾಗಿಯೇ ಬರುತ್ತದೆ" ಎಂದರು. ನೋಡಿದೆ. ಸಂಖ್ಯೆ ಚಾಲ್ತಿಯಲ್ಲಿದೆ, ಬ್ರ್ಯಾಂಡಿನ ಹೆಸರೂ ಹೊಂದುತ್ತದೆ. ಆದರೆ ಆ್ಯಪ್ ತೋರಿಸುವ ಕಾರ್ಖಾನೆಯ ವಿಳಾಸ ಒಂದು, ಕಾಯಿಲಿನ ಲೇಬಲ್ಲಿನಲ್ಲಿರುವ ವಿಳಾಸ ಇನ್ನೊಂದು. ಪರವಾನಗಿ ಕೊಡುವುದು ಕಾರ್ಖಾನೆಗೆ. ಅದರ ಸಂಖ್ಯೆಯನ್ನು ಯಾರು ಬೇಕಾದರೂ ವೈರಿನ ಮೇಲೆ ಅಚ್ಚು ಹಾಕಿಸಬಹುದಾದ್ದರಿಂದ, ಸಂಖ್ಯೆ ಸರಿಯಿದ್ದ ಮಾತ್ರಕ್ಕೆ ನನ್ನ ಅಂಗಡಿಯಲ್ಲಿರುವ ಕಾಯಿಲ್ ಆ ಕಾರ್ಖಾನೆಯಿಂದಲೇ ಬಂದಿತೆಂದು ಆಗುವುದಿಲ್ಲ. ತಮ್ಮ ಬಿಲ್ಲಿನಲ್ಲಿ ಬ್ರ್ಯಾಂಡಾಗಲಿ ಬ್ಯಾಚ್ ಸಂಖ್ಯೆಯಾಗಲಿ ಇಲ್ಲ, "ಹೌಸ್ ವೈರ್ 2.5" ಎಂದಷ್ಟೇ ಇದೆ. ಇದನ್ನು ಸರಕು ಇಳಿಸಿಕೊಂಡಾಗಲೇ ನೋಡದೆ ಬಿಟ್ಟದ್ದು ನನ್ನ ತಪ್ಪು.

ಆದ್ದರಿಂದ ಈ ಸರಕನ್ನು ತಾವು ಖರೀದಿಸಿದ ತೆರಿಗೆ ಬಿಲ್ಲಿನ ಪ್ರತಿಯನ್ನು ಕಳುಹಿಸಬೇಕಾಗಿ ಕೋರುತ್ತೇನೆ. ತಾವು ತಯಾರಕರಿಂದ ನೇರವಾಗಿ ಕೊಳ್ಳದೆ ನಡುವೆ ವಿತರಕರಿದ್ದರೆ, ತಯಾರಕರಿಂದ ಅವರಿಗೆ ಬಂದ ಬಿಲ್ಲೂ ಬೇಕು, ಏಕೆಂದರೆ ನಡುವಿನ ಒಂದು ಕೊಂಡಿ ಕಾಣದಿದ್ದರೂ ಸರಕಿನ ಮೂಲ ತಿಳಿಯುವುದಿಲ್ಲ. ತಮ್ಮ ಖರೀದಿ ದರವನ್ನು ಮುಚ್ಚಿ ಕಳುಹಿಸಿದರೆ ನನ್ನ ಆಕ್ಷೇಪವಿಲ್ಲ. ಅದು ವ್ಯಾಪಾರದ ಗುಟ್ಟು. ಜಿಎಸ್‌ಟಿ ಸಂಖ್ಯೆ, ಬಿಲ್ ಸಂಖ್ಯೆ, ದಿನಾಂಕ, ಸರಕಿನ ಹೆಸರು, ಪ್ರಮಾಣ ಮತ್ತು ಇ-ಇನ್‌ವಾಯ್ಸ್‌ನ ಕ್ಯುಆರ್ ಕೋಡ್ ಮಾತ್ರ ಸ್ಪಷ್ಟವಾಗಿ ಕಾಣಬೇಕು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು ವ್ಯಾಪಾರಿಗಳಿಗೆ ಕೊಡುವ ಬಿಲ್ಲಿನಲ್ಲಿ ಆ ಕೋಡ್ ಇರಲೇಬೇಕು, ಇಷ್ಟು ದೊಡ್ಡ ಬ್ರ್ಯಾಂಡಿನ ಬಿಲ್ಲಿನಲ್ಲಿ ಅದಿಲ್ಲವೆಂದರೆ ಒಪ್ಪಲಾಗದು. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ನಮೂದಾಗಿರದಿದ್ದರೆ ಪ್ಯಾಕಿಂಗ್ ಪಟ್ಟಿಯನ್ನೂ ಲಗತ್ತಿಸಿ.

ತಮ್ಮ ಗೋದಾಮಿನಲ್ಲಿ ಇದೇ ಬ್ಯಾಚಿನ ತೆರೆಯದ ಪೆಟ್ಟಿಗೆಗಳಿದ್ದರೆ ಅವುಗಳ ಫೋಟೊಗಳನ್ನೂ ಕಳುಹಿಸಿ. ಪೆಟ್ಟಿಗೆಯ ನಾಲ್ಕೂ ಬದಿ, ಸೀಲ್, ಲೇಬಲ್ಲಿನ ಬ್ಯಾಚ್ ಸಂಖ್ಯೆ ಹಾಗೂ ತಯಾರಿಕೆಯ ತಿಂಗಳು ಓದುವಂತಿರಲಿ. ಅಂದಿನ ದಿನಾಂಕ ಬರೆದ ಚೀಟಿ ಪಕ್ಕದಲ್ಲಿರಲಿ. ಕಂಪನಿಯ ಕ್ಯಾಟಲಾಗಿನ ಚಿತ್ರಗಳು ಬೇಡ. ನನ್ನಲ್ಲಿರುವ ಕಾಯಿಲ್‌ಗಳ ಲೇಬಲ್, ಕೆರೆದ ಎಳೆ ಮತ್ತು ತಕ್ಕಡಿಯ ಫೋಟೊಗಳನ್ನು ಈ ಇಮೇಲಿಗೆ ಲಗತ್ತಿಸಿದ್ದೇನೆ.

ಮಾರಿದ ಐದರಲ್ಲಿ ಮೂರನ್ನು ವಾಪಸು ಪಡೆದಿರುವುದರಿಂದ ಈಗ 18 ಕಾಯಿಲ್‌ಗಳನ್ನು ಬೇರೆಯಿಟ್ಟು ಮಾರಾಟ ನಿಲ್ಲಿಸಿದ್ದೇನೆ. ಉಳಿದೆರಡು ಒಂದು ಮನೆಯ ಪೈಪಿನೊಳಗೆ ಎಳೆದಾಗಿದ್ದು, ಅವನ್ನು ಬದಲಿಸುವ ಕೂಲಿಯ ವಿಚಾರವನ್ನು ತಮ್ಮ ಉತ್ತರ ಬಂದ ಮೇಲೆ ಮಾತನಾಡೋಣ. ದಾಖಲೆಗಳು ಬರುವವರೆಗೆ ಬಾಕಿ 31,270 ರೂಪಾಯಿಯನ್ನು ತಡೆಹಿಡಿದಿರುತ್ತೇನೆ. ಈ ಇಮೇಲ್ ತಲುಪಿದ ಏಳು ದಿನಗಳೊಳಗೆ ದಾಖಲೆಗಳು ಬಾರದಿದ್ದರೆ, ಅಥವಾ ಬಂದ ದಾಖಲೆಗಳು ಲೇಬಲ್ಲಿಗೆ ಹೊಂದದಿದ್ದರೆ, 18 ಕಾಯಿಲ್‌ಗಳನ್ನು ತಾವು ತಮ್ಮ ಖರ್ಚಿನಲ್ಲಿ ಹಿಂಪಡೆದು ನಾನು ಕೊಟ್ಟ ಹಣವನ್ನು ಮರಳಿಸಬೇಕು. ಅದೂ ಆಗದಿದ್ದಲ್ಲಿ ಬಿಐಎಸ್‌ನ ಬೆಂಗಳೂರು ಕಚೇರಿಗೂ ಬ್ರ್ಯಾಂಡಿನ ತಯಾರಕರಿಗೂ ಮಾದರಿಯೊಂದಿಗೆ ದೂರು ಕೊಡುತ್ತೇನೆ. ಐಎಸ್‌ಐ ಕಡ್ಡಾಯವಿರುವ ಸರಕಿನಲ್ಲಿ ಮಾರಿದ ಅಂಗಡಿಯವನೂ ಹೊಣೆಗಾರನಾಗುವುದರಿಂದ ಸುಮ್ಮನಿರುವುದು ನನಗೆ ಸಾಧ್ಯವಿಲ್ಲ.

ಸರಕು ತಮಗೂ ಬೇರೆಯವರಿಂದ ಹೀಗೆಯೇ ಬಂದಿರಬಹುದು. ಹಾಗಿದ್ದರೆ ಯಾರಿಂದ ಬಂತೆಂದು ತಿಳಿಸಿ.

ಇತಿ ತಮ್ಮ ವಿಶ್ವಾಸಿ,
ಮಾಲೀಕ, ಎಲೆಕ್ಟ್ರಿಕಲ್ ಅಂಗಡಿ, ತಿಪಟೂರು