ಬೆಕ್ಕನ್ನು ತೂಕ ಮಾಡಿದ್ದರೆ

ದೋಸ್ತಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಹೊಸ ಮದುಮಗ, ಎತ್ತಲೂಬಾರದು. ಅದಕ್ಕೇ ಇಲ್ಲಿ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ನಾಲ್ಕು ಜನ ಓದಲಿ, ಸಾಕ್ಷಿಗೆ ಇರಲಿ. ಸೂಪರ್ ಮಾರ್ಕೆಟ್ಟಿನ ಚಪ್ಪಲಿ ವಿಷಯ ಎತ್ತುವುದಿಲ್ಲ, ಹೆದರಬೇಡ. ಆ 13 ರೂಪಾಯಿ ಮಾತ್ರ ಇನ್ನೂ ಬಾಕಿ ಇದೆ.

ನಿನ್ನ ವಲೀಮಾದಲ್ಲಿ ನಾನು ಆಡಿದ ಮಾತಿಗೆ ಎಲ್ಲರೂ ನಕ್ಕರು, ಅಲ್ವಾ? ಆ ನಗು ಎಷ್ಟು ದುಬಾರಿ ಬಿತ್ತು ಅಂತ ನಿನಗೆ ಹೇಳಬೇಕು. 'ನೀನೇ ನನ್ನ ಬೆಸ್ಟ್ ಮ್ಯಾನ್, ಸ್ಟೇಜ್ ಮೇಲೆ ನಿಂತು ಐದು ನಿಮಿಷ ನಗಿಸು' ಅಂತ ನೀನು ಸುಮ್ನೆ ಹೇಳಿಬಿಟ್ಟೆ. ನಮ್ಮ ಕಲಬುರಗಿಯಲ್ಲಿ ಮದುವೆಗೆ ಬಂದವರು ಊಟ ಮಾಡುತ್ತಾರೆ, ಭಾಷಣ ಕೇಳುವುದಿಲ್ಲ. ಈಜಿಪ್ಟಿನ ನಿನ್ನ ಮಾವನ ಕಡೆಯವರಲ್ಲೂ ಡೋಲು, ಹಾಡು, ಕುಣಿತ ಇದೆ, ಗೆಳೆಯನ ಭಾಷಣ ಇಲ್ಲವಂತೆ. ಎರಡೂ ಕಡೆ ಇಲ್ಲದ ಪದ್ಧತಿಯನ್ನು ಕನ್ನಡದಲ್ಲಿ ಬರೆದು, ಅರಬ್ಬಿಗೆ ಮಾಡಿಸಿ, ಅಲೆಕ್ಸಾಂಡ್ರಿಯಾದಿಂದ ಬಂದ 14 ಮಂದಿಯನ್ನು ಮೇ ತಿಂಗಳ ಬಿಸಿಲಲ್ಲಿ ನಗಿಸಬೇಕಿತ್ತು. ಅದೂ ನಾನು, ಪಿಯುಸಿಯಲ್ಲಿ ಇಂಗ್ಲಿಷಿಗೇ ಎರಡು ಸಲ ಕೂತವನು.

ನಮ್ಮ ಓಣಿಯ ಉಸ್ತಾದರ ಹತ್ತಿರ ಹೋದೆ. 30 ವರ್ಷ ಅರಬ್ಬಿ ಕಲಿಸಿದವರು. ಎರಡು ದಿನದಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟರು, ಓದಿ ರೆಕಾರ್ಡ್ ಕೂಡ ಮಾಡಿಸಿದರು. ಅದನ್ನು ನಿನ್ನ ಭಾಮೈದನಿಗೆ ಕಳಿಸಿದೆ. ಹುಡುಗನ ಉತ್ತರ ಬಂತು: 'ತುಂಬಾ ಚೆನ್ನಾಗಿದೆ ಅಣ್ಣಾ. ಯಾರು ತೀರಿಕೊಂಡರು?'

ತಪ್ಪು ಉಸ್ತಾದರದಲ್ಲ. ಅವರು ಕಲಿಸುವುದು ಗ್ರಂಥದ ಅರಬ್ಬಿ, ಫುಸ್ಹಾ. ಸುದ್ದಿ ಓದುವುದು, ಮಸೀದಿಯಲ್ಲಿ ಉಪದೇಶ ಮಾಡುವುದು ಎಲ್ಲ ಅದರಲ್ಲೇ. ಆದರೆ ಈಜಿಪ್ಟಿನವರು ಮನೆಯಲ್ಲಿ ಜಗಳ ಆಡುವುದು, ತಮಾಷೆ ಮಾಡುವುದು ಬೇರೆ ಅರಬ್ಬಿಯಲ್ಲಿ. ನೀನು ಮಾವಿನಕಾಯಿ ಕದ್ದ ಕಥೆಯನ್ನು ನಾನು ಹಳಗನ್ನಡದಲ್ಲಿ ಹೇಳಿದರೆ ಹೇಗಿರುತ್ತದೆ, ಹಾಗೆ. ಅರ್ಥ ಎಲ್ಲ ಇದೆ, ನಗು ಮಾತ್ರ ಇಲ್ಲ. ಅವತ್ತಿನಿಂದ ಮೂರು ಜನ ಕೂತೆವು. ಉಸ್ತಾದರು, ನಾನು, ಫೋನಿನೊಳಗೆ ನಿನ್ನ ಭಾಮೈದ.

ಮೊದಲು ಸಿಕ್ಕಿದ್ದು ರೊಟ್ಟಿ. ಉಸ್ತಾದರು 'ಖುಬ್ಜ್' ಅಂತ ಬರೆದಿದ್ದರು. ಹುಡುಗ ಹೇಳಿದ, 'ನಾವು ಹಾಗನ್ನುವುದಿಲ್ಲ, ಏಶ್ ಅಂತೀವಿ.' ಉಸ್ತಾದರು ಅದನ್ನು ಬರೆದು ನನ್ನ ಮುಖ ನೋಡಿದರು. ಅಕ್ಷರಗಳು ನಮ್ಮ ಐಶ್‌ನವೇ! ನೀನು ದುಬೈಗೆ ಹೋಗಿ 'ಐಶ್ ಮಾಡಾಕತ್ತಾನ' ಅಂತ ಓಣಿಯಲ್ಲೆಲ್ಲ ಹೇಳುತ್ತಾರಲ್ಲ, ಅದೇ ಐಶ್. ಮೂಲದಲ್ಲಿ ಬದುಕು ಅಂತ ಅರ್ಥ. ನಮ್ಮ ಕಡೆಗೆ ಬರುವಷ್ಟರಲ್ಲಿ ಮಜಾ ಆಯಿತು, ಈಜಿಪ್ಟಿನಲ್ಲಿ ರೊಟ್ಟಿ ಆಯಿತು. ನಾನು ಬರೆಯದೇ ಇದ್ದ ಜೋಕು ತಾನಾಗಿ ಸಿಕ್ಕಿತು: 'ನಮ್ಮೂರಲ್ಲಿ ಗಂಡಸು ಮದುವೆಗೆ ಮುಂಚೆ ಐಶ್ ಮಾಡುತ್ತಾನೆ. ನಿಮ್ಮೂರಲ್ಲಿ ಮದುವೆ ಆದಮೇಲೆ ಐಶ್ ತರುತ್ತಾನೆ, ಅಂಗಡಿಯಿಂದ.' ನಿನ್ನ ಮಾವ ಮೇಜು ಬಡಿದಿದ್ದು ಇದಕ್ಕೇ. ಪದದ ಆಟವನ್ನು ಎತ್ತಿ ಆ ಕಡೆ ಇಡಲು ಆಗುವುದಿಲ್ಲ ಮಾರಾಯ. ಅದು ಆ ಕಡೆಯೇ ಎಲ್ಲಾದರೂ ಬಿದ್ದಿದ್ದರೆ ಹೆಕ್ಕಿಕೊಳ್ಳಬೇಕು.

ಇನ್ನು ಬೆಕ್ಕು.

ನಿನಗೆ ನೆನಪಿದೆ. ಹತ್ತನೇ ಕ್ಲಾಸಿನ ವರ್ಷ, ನಿಮ್ಮ ಮನೆಯಲ್ಲಿ ಸಂಜೆ ಓದಲು ಕೂರುತ್ತಿದ್ದೆವು. ಅಮ್ಮಿ ಜೋಳದ ರೊಟ್ಟಿ ಬಡಿದು, ಬುಟ್ಟಿಯಲ್ಲಿ ಬಟ್ಟೆ ಹಾಸಿ, ಎಣಿಸಿ ಇಡುತ್ತಿದ್ದರು. ಊಟದ ಹೊತ್ತಿಗೆ ಎರಡು ಕಡಿಮೆ. ದಿನಾ ಎರಡು. 'ಈ ಬೆಕ್ಕಿಂದ ಹೈರಾಣ ಆಗ್ಯದ' ಅಂತ ಬೈದು ಬೈದು, ಕೊನೆಗೊಂದು ದಿನ ನಿಮ್ಮ ಅಬ್ಬಾ ಅದನ್ನು ಗೋಣಿಚೀಲದಲ್ಲಿ ಹಾಕಿ ಗಂಜ್ ಮಾರ್ಕೆಟ್ಟಿನಲ್ಲಿ ಬಿಟ್ಟು ಬಂದರು. ಈ ಕಥೆಯನ್ನು ನಾನು ಎಷ್ಟು ಸಲ ಹೇಳಿಲ್ಲ! ಕನ್ನಡದಲ್ಲಿ ಅದರ ತುದಿ ಹೀಗೆ: 'ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿತ್ತು. ಅಮ್ಮಿಯ ಬೆಕ್ಕು ರೊಟ್ಟಿ ಕಂಡರೆ ಓಡುತ್ತಿತ್ತು, ಕಚ್ಚಿಕೊಂಡು.'

ತೆನಾಲಿ ಯಾರು ಅಂತ ಅಲೆಕ್ಸಾಂಡ್ರಿಯಾದವರಿಗೆ ಏನು ಗೊತ್ತು? ವಿಜಯನಗರ, ರಾಜ, ಬಿಸಿ ಹಾಲು ಅಂತ ವಿವರಿಸುವಷ್ಟರಲ್ಲಿ ಬಿರಿಯಾನಿ ಆರಿ ಹೋಗುತ್ತದೆ. ಉಸ್ತಾದರು, 'ಅವರ ಹತ್ತಿರಾನೂ ಒಂದು ಬೆಕ್ಕದ' ಅಂದರು. ಜುಹಾನ ಬೆಕ್ಕು. ಹುಡುಗ ಅದನ್ನು 'ಗೋಹಾ' ಅನ್ನುತ್ತಾನೆ, ಅವರ ಬಾಯಲ್ಲಿ ಜ ಅನ್ನುವುದು ಗ ಆಗುತ್ತದೆ. ನಮಗೆ ಮುಲ್ಲಾ ನಸ್ರುದ್ದೀನನ ಹೆಸರಿನಲ್ಲಿ ಗೊತ್ತಿರುವ ಕಥೆಗಳೆಲ್ಲ ಅವನ ಹೆಸರಿನಲ್ಲೂ ಓಡಾಡುತ್ತವೆ. ಜುಹಾ ಮಾಂಸ ತರುತ್ತಾನೆ, ಹೆಂಡತಿ ತಿಂದು ಮುಗಿಸಿ ಬೆಕ್ಕು ತಿಂತು ಅನ್ನುತ್ತಾಳೆ. ಅವನು ಬೆಕ್ಕನ್ನು ಹಿಡಿದು ತೂಗುತ್ತಾನೆ. ತಂದ ಮಾಂಸ ಎಷ್ಟಿತ್ತೋ ಬೆಕ್ಕೂ ಅಷ್ಟೇ. 'ಇದು ಬೆಕ್ಕಾದರೆ ಮಾಂಸ ಎಲ್ಲಿ? ಇದು ಮಾಂಸವಾದರೆ ಬೆಕ್ಕೆಲ್ಲಿ?' ಅಲ್ಲಿನ ಮಕ್ಕಳಿಗೂ ಗೊತ್ತಿರುವ ಕಥೆ. ಹೆಸರು ಹೇಳಿದರೆ ಸಾಕು, ಅರ್ಧ ನಗು ಮೊದಲೇ ಬಂದಿರುತ್ತದೆ. ನಾನು ಖುಷಿಯಾಗಿ ಬರೆದೆ: 'ಅಮ್ಮಿಯ ಹತ್ತಿರ ತಕ್ಕಡಿ ಇರಲಿಲ್ಲ, ಇದ್ದಿದ್ದರೆ ಜುಹಾನ ಹಾಗೆ ತೂಗುತ್ತಿದ್ದರು.'

ಹುಡುಗ ಫೋನಿನಲ್ಲೇ ತಡೆದ. 'ಅಣ್ಣಾ, ಹಾಗಾದರೆ ಕಳ್ಳ ಯಾರು?'

ನೋಡು, ಇಲ್ಲಿ ಸಿಕ್ಕಿಬಿದ್ದೆ. ತೆನಾಲಿಯ ಬೆಕ್ಕಿನ ಮೇಲೆ ಕಳ್ಳತನದ ಆರೋಪವೇ ಇಲ್ಲ. ಜುಹಾನ ಬೆಕ್ಕಿನ ಮೇಲೆ ಇದೆ, ಆದರೆ ಅದು ನಿರಪರಾಧಿ. ಆ ಬೆಕ್ಕಿನ ಹೆಸರು ಎತ್ತಿದರೆ, ತಿಂದವರು ಮನೆಯೊಳಗಿನವರೇ ಅಂತ ಕೇಳುವವರಿಗೆ ಮೊದಲೇ ಗೊತ್ತು. ಬೆಕ್ಕಿಗೆ ಬದಲು ಬೆಕ್ಕು ಅಂತ ಇಟ್ಟೆ. ಅದು ಬರುವಾಗ ತನ್ನ ತೀರ್ಪನ್ನೂ ಕಚ್ಚಿಕೊಂಡೇ ಬಂತು.

ಉಸ್ತಾದರು ಪೆನ್ನು ಹಿಡಿದು ಕಾಯುತ್ತಿದ್ದರು. ನಾನು 'ನಾನೇ' ಅಂದೆ. 20 ವರ್ಷದಲ್ಲಿ ಮೊದಲ ಸಲ.

ಅವರು ಏನೂ ಕೇಳಲಿಲ್ಲ. ನೇರ ವ್ಯಾಕರಣಕ್ಕೆ ಬಂದರು, ದೊಡ್ಡ ಮನುಷ್ಯರು. 'ತಿಂದದ್ದು ಬೆಕ್ಕಲ್ಲ, ನಾನು' ಅಂತ ಕನ್ನಡದಲ್ಲಿ ಹೇಳಿದರೆ 'ನಾನು' ಕೊನೆಗೆ ಸಿಡಿಯುತ್ತದೆ. ಅವರ ಗ್ರಂಥದ ಅರಬ್ಬಿಯಲ್ಲಿ ಸಹಜವಾಗಿ ಕ್ರಿಯಾಪದ ಮೊದಲು ಬರುತ್ತದೆ. 'ಅಕಲ್ತು' ಅಂದ ಕೂಡಲೇ ತಿಂದವನು ನಾನು ಅನ್ನುವುದು ಅದೇ ಪದದಲ್ಲಿ ಹೊರಬಿತ್ತು. ಪಟಾಕಿ ಪೆಟ್ಟಿಗೆಯಲ್ಲೇ ಸಿಡಿದಂತೆ. ಅದನ್ನು ಸರಿ ಮಾಡಿದ್ದು ಹುಡುಗ. ಅವರ ಮಾತಿನಲ್ಲಿ 'ಇಲ್ಲಿ' ಅಂತ ಒಂದು ಪದವಿದೆ, ಏನೇನನ್ನೋ ಮಾಡಿದವನು ಅನ್ನುವಲ್ಲಿ ಬರುತ್ತದೆ. ಅದನ್ನು ಮುಂದೆ ಇಟ್ಟರೆ ಹೆಸರನ್ನು ಕೊನೆಯವರೆಗೂ ಮುಚ್ಚಿಡಬಹುದು. 'ಇಲ್ಲಿ ಕಲ್ ಇಲ್-ಏಶ್, ಮಿಶ್ ಇಲ್-ಉಟ್ಟಾ...' ರೊಟ್ಟಿ ತಿಂದಾವ, ಬೆಕ್ಕಲ್ಲ... ಆಮೇಲೆ ಒಂದು ಉಸಿರು ಬಿಟ್ಟು, 'ಅನಾ.' ಉಳಿದದ್ದನ್ನೆಲ್ಲ ಉಸ್ತಾದರು ಓದಿದರು, ಈ ಒಂದು ಸಾಲು ಮಾತ್ರ ನಾನೇ ಹೇಳಿದೆ. 'ಇಲ್ಲಿ ಕಲ್ಲು' ಅಂತ ನೆನಪಿಟ್ಟುಕೊಂಡು ಬಾಯಿಪಾಠ ಮಾಡಿದ್ದೆ.

ಹಾಲ್ ಬಿದ್ದು ಬಿದ್ದು ನಕ್ಕಿತು. ನೀನೂ ನಕ್ಕೆ. ಹೆಂಗಸರ ಕಡೆಗೂ ಮೈಕ್ ಕೇಳುತ್ತಿತ್ತಂತೆ. ಪರದೆಯ ಆಚೆ ಅಮ್ಮಿ ನಕ್ಕರೋ ಇಲ್ಲವೋ, ಕೂಲರ್ ಸದ್ದಿನಲ್ಲಿ ಗೊತ್ತಾಗಲಿಲ್ಲ.

ಇಲ್ಲಿಗೆ ಮುಗಿಸಬೇಕಿತ್ತು. ಆದರೆ ಸ್ಟೇಜ್ ಮೇಲೆ ಹೇಳದ್ದು ಒಂದಿದೆ. ಕೊನೆಯ ದಿನ ತಿದ್ದುವಾಗ ಉಸ್ತಾದರು 'ರೊಟ್ಟಿ ಕಡಿಮೆಯಾಗುತ್ತಿತ್ತು' ಅನ್ನುವ ಸಾಲಿನ ಮೇಲೆ ಬೆರಳಿಟ್ಟರು. 'ಇದು ಎಲ್ಲೀತನಕ ನಡೀತು? ಬೆಕ್ಕು ಹೋದಮ್ಯಾಲ ಲೆಕ್ಕ ಸರಿ ಬಂತಾ?' ಅಂದರು. ವಾಕ್ಯ ಎಲ್ಲಿ ನಿಲ್ಲಿಸಲಿ ಅಂತ ಅಷ್ಟೇ ಅವರ ಪ್ರಶ್ನೆ. ನಾನು ಕೂತುಬಿಟ್ಟೆ. ಲೆಕ್ಕ ಸರಿ ಬಂದಿರಲಿಲ್ಲ ದೋಸ್ತಾ. ಬೆಕ್ಕು ಹೋದಮೇಲೂ ನಾನು ಸುಮಾರು ಒಂದು ತಿಂಗಳು ಒಯ್ದಿದ್ದೇನೆ. ಅಪ್ಪ ಕೆಲಸ ಮಾಡುತ್ತಿದ್ದ ಬೇಳೆ ಮಿಲ್ಲು ಮುಚ್ಚಿತ್ತು. ಒಂದು ರೊಟ್ಟಿ ತಂಗಿಗೆ, ಒಂದು ಅವ್ವನಿಗೆ. ಗಣಿತದ ಪುಸ್ತಕಕ್ಕೆ ಖಾಕಿ ಹೊದಿಕೆ ಹಾಕಿದ್ದೆನಲ್ಲ, ಅದರೊಳಗೆ ಅಗಲ ಮಡಚಿ ಇಡುತ್ತಿದ್ದೆ. ಬೈಯಲು ಬೆಕ್ಕು ಇರಲಿಲ್ಲ, ಆದರೂ ಯಾರೂ ಬೈಯಲಿಲ್ಲ. ಅಮ್ಮಿ ರೊಟ್ಟಿ ಎಣಿಸುವುದನ್ನೇ ಬಿಟ್ಟಿದ್ದರು. ಇಷ್ಟು ವರ್ಷ ಕಥೆ ಹೇಳುವಾಗ ಗೋಣಿಚೀಲಕ್ಕೆ ಬಂದು ನಿಲ್ಲಿಸುತ್ತಿದ್ದೆ, ಅದರ ಮುಂದಿನ ತಿಂಗಳು ನನಗೆ ನೆನಪೇ ಬರುತ್ತಿರಲಿಲ್ಲ. ಅಥವಾ ಬರಗೊಡುತ್ತಿರಲಿಲ್ಲ.

ಹುಡುಗನಿಗೆ ನನಗೆ ಬರುವ ನಾಲ್ಕು ಪದ ಸೇರಿಸಿ ಹೇಳಲು ಹೋದೆ, 'ಆಗ ನಾವು ಗರೀಬರು' ಅಂತ. ಅರಬ್ಬಿಯಲ್ಲಿ ಗರೀಬ ಅಂದರೆ ಪರಕೀಯನಂತೆ, ಬಡವ ಅಲ್ಲ. ಅವನಿಗೆ ಆಶ್ಚರ್ಯ. 'ಆ ಮನೆಯಲ್ಲಿ ನೀನು ಪರಕೀಯನಾ? ನಮ್ಮ ಭಾವ ಹಾಗೆ ಹೇಳಿಲ್ಲವಲ್ಲ!' ಅಂದ. ಉಸ್ತಾದರು ಅದನ್ನು 'ಫಕೀರ್' ಅಂತ ತಿದ್ದಿದರು, ಬಡವನಿಗೆ ಅಲ್ಲಿ ಅದೇ ಪದ. ನಾನು ಆ ಸಾಲನ್ನೇ ಹೊಡೆದು ಹಾಕಿಸಿದೆ. ಮದುವೆ ಮನೆ, ಯಾಕೆ ಬೇಕು.

ಈಗ ಇದೆಲ್ಲ ಯಾಕೆ ಬರೆದೆ ಅಂತ ನನಗೇ ಗೊತ್ತಿಲ್ಲ. ಸೆಕೆ ಜಾಸ್ತಿ, ಕರೆಂಟ್ ಬೇರೆ ಇಲ್ಲ. ಅಮ್ಮಿಗೆ ಓದಿ ಹೇಳಬೇಡ. ಹೇಳಿದರೂ ಗಂಜಿನ ಬೆಕ್ಕಿನ ಭಾಗಕ್ಕೆ ನಿಲ್ಲಿಸು. ಅವರು ಮತ್ತೆ ಕೇಳಿದರೆ, ಬೆಕ್ಕು ಸಿಕ್ಕಿದೆ, ಈಗ 84 ಕಿಲೋ ಇದೆ, ಅದರಲ್ಲಿ ರೊಟ್ಟಿ ಎಷ್ಟು ಬೆಕ್ಕು ಎಷ್ಟು ಅಂತ ಜುಹಾನಿಂದಲೂ ಲೆಕ್ಕ ಆಗಲ್ಲ ಅಂತ ಹೇಳು.

13 ರೂಪಾಯಿ ಮರೀಬೇಡ.

ನಿನ್ನ,
ಗಣಿತ ಪುಸ್ತಕದವನು